ಗಾಳಿಯಕ್ಕನ ಖಾಲಿ ಸೀಟು

ಬಿಸಿಗಾಳಿಯ ಬಲೂನಿನಲ್ಲಿ ಹಾರುವ ಆಸೆಯಿಂದ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಗಾಳಿಯಕ್ಕ ಮೊದಲು ಕೊಡುತ್ತಿದ್ದದ್ದು ಟಿಕೆಟ್ಟಲ್ಲ, ಒಂದು ಪ್ರಶ್ನೆ.

“ಊರಲ್ಲಿ ಎಷ್ಟು ದಿನ ಇರ್ತೀರಾ?”

“ನಾಳೆ ಹೊರಡ್ತೀವಿ, ಅದಕ್ಕೆ ಮುಂಚೆ ಒಂದ್ಸಲ ಹಾರೋಣ ಅಂತ” ಎಂದರೆ ಅವಳ ಮುಖ ಗಂಟಿಕ್ಕುತ್ತಿತ್ತು. “ಹಾಗಾದ್ರೆ ದುಡ್ಡು ಜೇಬಲ್ಲೇ ಇರಲಿ. ಬೆಳಿಗ್ಗೆ ಗುಡ್ಡ ಹತ್ತಿ ಸೂರ್ಯ ಹುಟ್ಟೋದು ನೋಡಿ, ಕಾಸು ಕೇಳೋರಿಲ್ಲ.” ಮೂರು ದಿನ ಇರುವವರಾದರೆ ಅವಳೇ ಕುರ್ಚಿ ಎಳೆದು ಕೂರಿಸುತ್ತಿದ್ದಳು. “ಮೊದಲನೇ ಬೆಳಿಗ್ಗೆನೇ ಬರೆಸಿ. ಗಾಳಿ ಕೈಕೊಟ್ರೆ ಎರಡನೇದು, ಅದೂ ಕೈಕೊಟ್ರೆ ಮೂರನೇದು. ಎಲ್ಲರೂ ಕೊನೇ ದಿನಕ್ಕೆ ಇಟ್ಕೋತಾರೆ, ಆಮೇಲೆ ನನ್ನ ಮೇಲೆ ಹಾರ್ತಾರೆ.”

ಮಧ್ಯಾಹ್ನ ಹಾರಿಸಲಾಗದೇ ಎಂದು ಕೇಳುವವರೂ ಇದ್ದರು. ಬಿಸಿಲೇರಿದ ಮೇಲೆ ನೆಲ ಕಾದ ಹೆಂಚಾಗುತ್ತದೆ, ಗಾಳಿ ಕುದ್ದು ಮೇಲೇಳುತ್ತದೆ, ಅದರೊಳಗೆ ಬಲೂನು ಬಿಡಬಾರದು ಎಂದು ಅವಳು ಬೇಸರವಿಲ್ಲದೆ ವಿವರಿಸುತ್ತಿದ್ದಳು. ಹಟ ಹಿಡಿದವರನ್ನು ಆಚೆ ರಸ್ತೆಯ ಪುಟ್ಟ ವಿಮಾನದವರ ಬಳಿ ಕಳಿಸುತ್ತಿದ್ದಳು. “ಅದು ಸ್ವಲ್ಪ ಗಾಳಿ ತಡ್ಕೊಳುತ್ತೆ. ಆದ್ರೆ ಕಿಟಕಿ ಪಕ್ಕ ಸೀಟು ಸಿಗದಿದ್ರೆ ಹತ್ತಬೇಡಿ, ಮಂಜಿದ್ರೆ ಅದೂ ದಂಡ.” ಬಂದ ಗಿರಾಕಿಯನ್ನು ಪಕ್ಕದ ಅಂಗಡಿಗೆ ಅಟ್ಟುವ ಈ ಹೆಂಗಸನ್ನು ಯಜಮಾನರು ಹದಿನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದರೆಂದರೆ ಅದಕ್ಕೆ ಕಾರಣ ಒಂದೇ. ಬೆಳಗಿನ ಗಾಳಿಯನ್ನು ಅವಳಷ್ಟು ಸರಿಯಾಗಿ ಓದುವವರು ಅವರ ಬಳಿ ಇನ್ನೊಬ್ಬರಿರಲಿಲ್ಲ. ಹೆಸರು ಏನೇ ಇದ್ದರೂ ಪೈಲಟ್‌ನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಗಾಳಿಯಕ್ಕ.

ಮನೆಯಲ್ಲಿ ಮಾತ್ರ ಅವಳು ತಂಗಿ. ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಅವಳಿಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಇವಳನ್ನು ಸಾಕಿದವಳು ಅವಳೇ, ಹೊಲಿಗೆ ಮಿಷನ್ ತುಳಿದು ಓದಿಸಿದವಳೂ ಅವಳೇ. ಅಕ್ಕನ ಕಣ್ಣಿಗೆ ಒಂದು ರೋಗ ಹತ್ತಿತ್ತು. ಮೊದಲು ಕತ್ತಲಲ್ಲಿ ಕಾಣದಾಯಿತು. ಆಮೇಲೆ ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು, ಈಗ ಕೊಳವೆಯೊಳಗಿಂದ ಇಣುಕಿದಷ್ಟು ಮಾತ್ರ ಉಳಿದಿತ್ತು. ತಂಗಿ ಎದುರು ಕೂತರೆ ಒಂದು ಸಲಕ್ಕೆ ಮೂಗು, ಇನ್ನೊಂದು ಸಲಕ್ಕೆ ಕಿವಿ. “ನಿನ್ನನ್ನ ಕಂತಿನಲ್ಲಿ ನೋಡ್ತಿದೀನಿ ಕಣೆ” ಎಂದು ಅಕ್ಕ ನಗುತ್ತಿದ್ದಳು. ಡಾಕ್ಟರು ಮಾತ್ರ ನಗಲಿಲ್ಲ. ಇಷ್ಟೂ ಇನ್ನೊಂದು ವರ್ಷ ಉಳಿದರೆ ಹೆಚ್ಚು ಎಂದಿದ್ದರು.

ಅಕ್ಕ ಕೇಳಿದ್ದು ಒಂದೇ. “ಕಣ್ಣು ಪೂರ್ತಿ ಹೋಗೋಕೆ ಮುಂಚೆ ನಿನ್ನ ಬಲೂನಲ್ಲಿ ಒಂದ್ಸಲ ಕೂರಿಸು.”

ಕಂಪನಿಯಲ್ಲಿ ಅದಕ್ಕೊಂದು ನಿಯಮವಿತ್ತು. ಕೆಲಸದವರು ವರ್ಷಕ್ಕೊಮ್ಮೆ ಮನೆಯವರೊಬ್ಬರನ್ನು ಬಿಟ್ಟಿಯಾಗಿ ಹಾರಿಸಬಹುದು, ಆ ಬೆಳಿಗ್ಗೆ ಬಲೂನಿನ ಬುಟ್ಟಿಯಲ್ಲಿ ಸೀಟು ಖಾಲಿಯಿದ್ದರೆ. ಓದಿದರೆ ಧಾರಾಳವಾಗಿಯೇ ಕಾಣುತ್ತದೆ. ಆದರೆ ಹವೆ ತಿಳಿಯಾಗಿರುವ ಚಳಿ ತಿಂಗಳುಗಳಲ್ಲಿ ಎಂಟು ಸೀಟಿಗೆ ಹದಿನೆಂಟು ಜನ ಸಾಲು ನಿಲ್ಲುತ್ತಾರೆ. ಸೀಟು ಖಾಲಿ ಬೀಳುವುದು ಸೆಖೆ ಶುರುವಾಗಿ ಗಾಳಿಯ ಬುದ್ಧಿ ಕೆಟ್ಟ ಮೇಲೆ, ಆಗ ಹಾರಾಟವೇ ರದ್ದು. ರದ್ದಾದ ಬಿಟ್ಟಿ ಸೀಟು ಮರುದಿನಕ್ಕೆ ಸಿಗುವುದಿಲ್ಲ. ಒಳ್ಳೆಯ ದಿನ ಜಾಗವಿಲ್ಲ, ಜಾಗವಿದ್ದ ದಿನ ಹವೆಯಿಲ್ಲ. ಅಕ್ಕನ ಕಣ್ಣು ಚೆನ್ನಾಗಿದ್ದ ಕಾಲದಿಂದ, ಏಳು ವರ್ಷ, ಗಾಳಿಯಕ್ಕ ಈ ಎರಡರ ನಡುವೆ ಸಿಕ್ಕಿಕೊಂಡಿದ್ದಳು. ಊರವರಿಗೆಲ್ಲ ಬುದ್ಧಿ ಹೇಳುವವಳಿಗೆ ತಾನು ಬಿದ್ದಿರುವುದು ಯಾವ ಗುಂಡಿ ಎಂದು ಕಾಣದೇ ಹೋದದ್ದು ತಮಾಷೆಯೇ ಸರಿ, ಆದರೆ ಅವಳಿಗೆ ನಗು ಬರುತ್ತಿರಲಿಲ್ಲ.

ಈ ಸಲ ಚಳಿಯ ನಡುವೆಯೇ ಒಂದು ಬೆಳಿಗ್ಗೆ ಸೀಟು ಖಾಲಿ ಬಿತ್ತು. ಹಿಂದಿನ ಸಂಜೆ ಒಬ್ಬ ಗಿರಾಕಿಗೆ ಜ್ವರ ಬಂದು ಫೋನು ಮಾಡಿದ. ಗಾಳಿಯಕ್ಕ ಫೋನಿಟ್ಟು ಯಜಮಾನರ ಕೋಣೆಗೆ ಹೋಗಿ, “ಆ ಸೀಟು ನಂದು” ಎಂದಳು. ಅವರು ತಲೆಯಾಡಿಸಿದರು.

ಬೆಳಕು ಹರಿಯುವ ಮೊದಲೇ ಅಕ್ಕನ ಕೈ ಹಿಡಿದು ಮೈದಾನಕ್ಕೆ ನಡೆಸಿಕೊಂಡು ಬಂದಳು. ಮಬ್ಬಿನಲ್ಲಿ ಅಕ್ಕನಿಗೆ ಏನೂ ಕಾಣದು. ಕೂದಲು ಬಾಚಿ, ಮದುವೆಮನೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು, ಮೇಲೆ ಎರಡು ಸ್ವೆಟರ್ ಹಾಕಿದ್ದಳು. ಹುಲ್ಲು ಅಲುಗುತ್ತಿರಲಿಲ್ಲ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಏಳು ಜನ ಗಿರಾಕಿಗಳು ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಜೀಪಿನ ಹಿಂದಿನ ಗಾಡಿಯಿಂದ ಬುಟ್ಟಿ ಇಳಿಸಿಯಾಗಿತ್ತು, ಬಲೂನಿನ ಬಟ್ಟೆ ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿತ್ತು.

ಗಾಳಿಯಕ್ಕ ತನ್ನ ಕೆಲಸಕ್ಕೆ ಹೊರಟಳು. ಮಕ್ಕಳ ಹುಟ್ಟುಹಬ್ಬಕ್ಕೆ ಕಟ್ಟುವಂಥದ್ದೇ ಆದರೆ ಅದಕ್ಕಿಂತ ದೊಡ್ಡ ಬಲೂನು, ಒಳಗೆ ಹೀಲಿಯಂ, ಕೆಳಗೆ ಕಡಲೆಯಷ್ಟು ದೀಪ. ಅದನ್ನು ಬಿಟ್ಟು, ಗಡಿಯಾರ ನೋಡುತ್ತಾ, ದೀಪ ಎಷ್ಟು ಎತ್ತರದಲ್ಲಿ ಯಾವ ಕಡೆ ಸರಿಯುತ್ತದೆಂದು ಅಳೆಯುವುದು. ಮೊದಲ ನಿಮಿಷ ದೀಪ ನೆಟ್ಟಗೆ ಏರಿತು. ಎರಡನೇ ನಿಮಿಷದ ಅರ್ಧಕ್ಕೆ ಯಾರೋ ದಾರ ಹಿಡಿದು ಎಳೆದ ಹಾಗೆ ಪಕ್ಕಕ್ಕೆ ಓಡಿತು. ಮೂರನೇ ನಿಮಿಷಕ್ಕೆ ಮೈದಾನದಂಚಿನ ಗೋದಾಮಿನ ಚಾವಣಿ ದಾಟಿ ಮಾಯವಾಯಿತು.

ಕೆಳಗೆ ತಣ್ಣಗೆ ಮಲಗಿದ ಗಾಳಿ, ಮೇಲೆ ಇನ್ನೂರು ಮೀಟರಿನಲ್ಲಿ ಗಂಟೆಗೆ ನಲವತ್ತು ಕಿಲೋಮೀಟರಿನ ಮೇಲೆ ಓಡುವ ಗಾಳಿ. ಏರುವಾಗ ತೊಂದರೆ ಗೊತ್ತಾಗುವುದೇ ಇಲ್ಲ. ಒಂದು ಗಂಟೆ ಬಿಟ್ಟು ಬಿಸಿಲು ನೆಲ ತಾಗಿದಾಗ ಆ ಮೇಲಿನ ಗಾಳಿ ಕೆಳಕ್ಕಿಳಿಯುತ್ತದೆ, ಸರಿಯಾಗಿ ಬುಟ್ಟಿ ಇಳಿಯುವ ಹೊತ್ತಿಗೆ. ಆಗ ಬುಟ್ಟಿ ನೆಲಕ್ಕೆ ಬಡಿದು, ಅಡ್ಡ ಬಿದ್ದು, ಹೊಲದುದ್ದಕ್ಕೂ ಉಜ್ಜಿಕೊಂಡು ಹೋಗುತ್ತದೆ.

ನೋಡಿದ್ದು ಅವಳೊಬ್ಬಳೇ. ಪೈಲಟ್ ಗ್ಯಾಸ್ ಸಿಲಿಂಡರಿನ ಕಡೆ ಬಗ್ಗಿದ್ದ. ಗಾಳಿಯ ವೇಗ ಸ್ವಲ್ಪ ಕಮ್ಮಿ ಹೇಳಿದರೆ ಸಾಕಿತ್ತು, ಬಲೂನು ಏರುತ್ತಿತ್ತು, ಅದರೊಡನೆ ಅಕ್ಕನೂ. ಅವಳು ಅಕ್ಕನ ಕಡೆ ನೋಡಿದಳು. ಅಕ್ಕ ತಪ್ಪು ದಿಕ್ಕಿಗೆ ಮುಖ ಮಾಡಿ, ಬಲೂನು ಅಲ್ಲಿದೆಯೆಂದುಕೊಂಡು, ಗೋದಾಮಿನ ಗೋಡೆಗೆ ನಗುತ್ತಿದ್ದಳು. ಗಾಳಿಯಕ್ಕನಿಗೆ ಆ ಗಳಿಗೆಯಲ್ಲಿ ತನ್ನ ಕೆಲಸದ ಮೇಲೆ, ಗಾಳಿಯ ಮೇಲೆ, ತನ್ನ ಸರಿಯಾದ ಕಣ್ಣುಗಳ ಮೇಲೆ ಅಸಹ್ಯ ಹುಟ್ಟಿತು.

“ಎಷ್ಟಿದೆ ಗಾಳಿಯಕ್ಕಾ?” ಪೈಲಟ್ ಕೂಗಿ ಕೇಳಿದ.

“ಇನ್ನೂರರಲ್ಲಿ ನಲವತ್ತರ ಮೇಲೆ. ಬಟ್ಟೆ ಮಡಚಿ.”

“ಹುಲ್ಲು ಕೂಡ ಅಲ್ಲಾಡ್ತಿಲ್ಲ ಮೇಡಂ” ಎಂದ ಒಬ್ಬ ಗಿರಾಕಿ. ಅವನದು ಊರಿನಲ್ಲಿ ಕೊನೆಯ ಬೆಳಿಗ್ಗೆ.

“ನೀವು ಹಾರೋದು ಹುಲ್ಲಿನ ಎತ್ತರದಲ್ಲಲ್ಲ” ಎಂದಳು. ಪೈಲಟ್ ಇನ್ನೊಂದು ಮಾತಾಡದೆ ಬಟ್ಟೆ ಮಡಚಲು ಹೇಳಿದ. ಯಜಮಾನರು ಮೂಗು ಮುರಿದರು. ಒಂಬತ್ತು ಗಂಟೆಗೆ ಕಚೇರಿಯ ಬೋರ್ಡು ಹಾರಿಹೋಗುವಂತೆ ಗಾಳಿ ಬೀಸಿದ ಮೇಲೆ ಅವರ ಮೂಗು ಸರಿಹೋಯಿತು, ಆದರೆ ಖಾಲಿ ಸೀಟು ದಂಡವಾಗಿತ್ತು.

ಅಕ್ಕನ ಕೈ ಹಿಡಿದು ಮನೆಗೆ ವಾಪಸು ನಡೆಸಿಕೊಂಡು ಬಂದಳು. ಬಾಗಿಲ ಬಳಿ ಚಪ್ಪಲಿ ಬಿಚ್ಚುತ್ತಾ ಅಕ್ಕ ಕೇಳಿದಳು: “ನಿನ್ನ ಗಿರಾಕಿಗಳಿಗೂ ಹೀಗೇನಾ? ಒಂದೇ ದಿನ, ತಪ್ಪಿದ್ರೆ ಮುಗೀತಾ?”

“ಇಲ್ಲ. ಅವರಿಗೆ ಮರುದಿನ ಸಿಗುತ್ತೆ. ಅವರು ದುಡ್ಡು ಕೊಟ್ಟಿರ್ತಾರಲ್ಲ.”

ಹೇಳಿ ಮುಗಿಸಿ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ದುಡ್ಡು ಕೊಡುವವರು ಕೊಳ್ಳುವುದು ಬರೀ ಸೀಟನ್ನಲ್ಲ, ಕಾಯುವ ಹಕ್ಕನ್ನು. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು ಅವಳ ತಲೆಗೆ ಹೊಳೆಯಲು ಏಳು ವರ್ಷ ಬೇಕಾಯಿತು. ಬಿಟ್ಟಿ ಎಂಬ ಒಂದು ಪದಕ್ಕೆ ಜೋತುಬಿದ್ದು, ಅಕ್ಕನ ಕಣ್ಣಿಗೆ ಉಳಿದಿದ್ದ ಏಳು ಚಳಿಗಾಲಗಳನ್ನು ಕಳೆದಿದ್ದಳು. ಅವತ್ತು ಅವಳು ಅಡುಗೆಮನೆಯಲ್ಲಿ ನಿಂತು ಅತ್ತಳು.

ಮರುದಿನ ಕೌಂಟರಿನಲ್ಲಿ ತಾನೇ ಕೂತು, ಪುಸ್ತಕದಲ್ಲಿ ಮುಂದಿನ ವಾರ ಸಾಲಾಗಿ ಮೂರು ಬೆಳಗು ಗುರುತು ಹಾಕಿ, ಮೊದಲನೆಯದಕ್ಕೆ ಅಕ್ಕನ ಹೆಸರು ಬರೆದಳು. ಎರಡು ತಿಂಗಳ ಸಂಬಳದ ಬೆಲೆ. ಯಜಮಾನರು ಕನ್ನಡಕ ತೆಗೆದು ನೋಡಿದರು. “ನಿಂಗೆ ಬಿಟ್ಟಿ ಸಿಗುತ್ತಲ್ಲಮ್ಮ, ಸ್ವಲ್ಪ ಕಾದ್ರೆ.”

“ಕಾಯೋಕೇ ಸರ್ ದುಡ್ಡು ಕೊಡ್ತಿರೋದು” ಎಂದಳು.

ಮೊದಲ ಬೆಳಿಗ್ಗೆ ಮಂಜು. ಬುಟ್ಟಿಯಿಂದ ಹತ್ತು ಹೆಜ್ಜೆ ಆಚೆ ಯಾರಿಗೂ ಏನೂ ಕಾಣಲಿಲ್ಲ. “ಇವತ್ತು ಎಲ್ಲರೂ ನನ್ನ ಥರಾನೇ” ಎಂದಳು ಅಕ್ಕ. ಎರಡನೇ ಬೆಳಿಗ್ಗೆ ದೀಪ ಐದು ನಿಮಿಷ ಸೋಮಾರಿಯಾಗಿ ಏರಿ, ತೋಟಗಳ ಕಡೆ ಮೆಲ್ಲಗೆ ಸರಿಯಿತು. ಗಾಳಿಯಕ್ಕ ಅಂಕಿ ಹೇಳಿದಳು. ಪೈಲಟ್ ಬಟ್ಟೆಗೆ ಗಾಳಿ ತುಂಬಲು ಫ್ಯಾನು ಹಚ್ಚಿದ, ಆಮೇಲೆ ಬೆಂಕಿ. ಬಟ್ಟೆ ಎದ್ದು ನಿಂತಿತು. ಇಳಿಯುವಾಗ ಮೊಣಕಾಲು ಬಗ್ಗಿಸಿ ಹಗ್ಗದ ಹಿಡಿ ಬಿಡಬಾರದೆಂದು ಅಕ್ಕನಿಗೆ ಎರಡು ಸಲ ಮಾಡಿಸಿ ತೋರಿಸಿದರು.

“ನೀನು ಬರಲ್ವಾ?” ಬುಟ್ಟಿಯೊಳಗಿಂದ ಅಕ್ಕ ಕೈ ಚಾಚಿದಳು.

“ಒಂದೇ ಸೀಟು. ಮತ್ತೆ ಇಳಿಯೋ ಹೊಲದ ಗಾಳಿ ಹೇಳೋರು ಯಾರು? ನಾನು ಜೀಪಲ್ಲಿ ನಿಮ್ಮ ಕೆಳಗೇ ಬರ್ತಿರ್ತೀನಿ.”

ಹದಿನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಏರಿರಲಿಲ್ಲ. ಬೆಳಕು ಪೂರ್ತಿ ಹರಿದಾಗ ಬುಟ್ಟಿ ಕುಲುಕದೆ ನೆಲ ಬಿಟ್ಟಿತು. ಅವಳು ಕತ್ತೆತ್ತಿ ನಿಂತಳು, ನಂತರ ಜೀಪಿಗೆ ಓಡಿದಳು.

ಒಂದು ಗಂಟೆಯ ಮೇಲೆ ಬುಟ್ಟಿ ಕೊಯ್ದ ಹೊಲವೊಂದರಲ್ಲಿ ಎರಡು ಸಲ ಕುಪ್ಪಳಿಸಿ ನಿಂತಿತು. ಅಕ್ಕನನ್ನು ಇಳಿಸಿಕೊಂಡಾಗ ಅವಳ ಕೈ ಮಂಜುಗಡ್ಡೆಯಾಗಿತ್ತು. ಏನಾದರೂ ಕಂಡಿತೇ ಎಂದು ಕೇಳುವ ಧೈರ್ಯ ಗಾಳಿಯಕ್ಕನಿಗೆ ಬರಲಿಲ್ಲ. ಅಕ್ಕನೇ ಹೇಳಿದಳು.

“ಮೇಲಿಂದ ಎಲ್ಲಾ ಚಿಕ್ಕದಾಗುತ್ತಲ್ವಾ, ನನ್ನ ತೂತಿನೊಳಗೆ ಇಡೀ ಊರು ಹಿಡಿಸ್ತು ಕಣೆ. ಹೊಳೆ ಪೂರ್ತಿ ಕಾಣಿಸ್ತು. ನಮ್ಮ ಬೀದಿ ಈ ತುದಿಯಿಂದ ಆ ತುದಿವರೆಗೆ ಕಾಣಿಸ್ತು.” ಅಕ್ಕ ತಂಗಿಯ ಮುಖವನ್ನು ಎರಡೂ ಕೈಯಿಂದ ಸವರಿದಳು. “ಹೊರಟಾಗ ಕೆಳಗೆ ನೋಡಿದೆ. ನೀನು ಆ ಮೈದಾನದ ನಡುವೆ ಒಬ್ಬಳೇ ನಿಂತಿದ್ದೆ, ತಲೆಯಿಂದ ಕಾಲಿನವರೆಗೆ. ನಾಲ್ಕು ವರ್ಷ ಆಗಿತ್ತು ನಿನ್ನನ್ನ ಪೂರ್ತಿ ನೋಡಿ. ಎಷ್ಟು ಸೊರಗಿದೀಯಾ.”

ಹಿಂದೆ ಹುಡುಗರು ಬಟ್ಟೆ ಮಡಚುತ್ತಿದ್ದರು, ಬಿಸಿಲು ಏರುತ್ತಿತ್ತು, ಹತ್ತು ಗಂಟೆಗೆ ಕೌಂಟರ್ ತೆಗೆಯಬೇಕಿತ್ತು. ಅವಳು ಅಕ್ಕನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಹಿಂದೆ ಸಿಲಿಂಡರುಗಳ ನಡುವೆ ಕೂತಳು.