ಬಾಯಿಪಾಠ ಮಾಡಿದ ಯೋಚನೆ

ಯೋಚನೆಯನ್ನೂ ಬಾಯಿಪಾಠ ಮಾಡಿಸಬಹುದು ಎಂದು ಕಂಡುಹಿಡಿದ ಮಹಾನುಭಾವರೊಬ್ಬರು ನಮ್ಮ ಶಹಾಪುರದಲ್ಲಿದ್ದರು. ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅವರ ತರಬೇತಿ ಕೇಂದ್ರ. ಕಾಲುವೆಗೆ ನೀರು ಬಿಡುವ ಹೊತ್ತಿಗೆ ಕೆಳಗೆ ಭತ್ತದ ರೈತರು ಯೂರಿಯಾಕ್ಕೆ ಸಾಲು ನಿಂತು ಜಗಳಾಡುತ್ತಿದ್ದರು. ಮೇಲೆ ನಾವು ಒಂದಿಷ್ಟು ಜನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಫ್ಯಾನಿನ ಕೆಳಗೆ ಕೂತು ಒಂದೇ ರಾಗದಲ್ಲಿ ಕೆಮ್ಮುವುದನ್ನು ಕಲಿಯುತ್ತಿದ್ದೆವು.

ಕೆಮ್ಮಿನ ವಿಷಯಕ್ಕೆ ಬರುತ್ತೇನೆ. ಕೊನೆಯ ವರ್ಷದಲ್ಲಿ ನಮಗೆಲ್ಲ ಇಂಟರ್ನ್‌ಶಿಪ್ ಕಡ್ಡಾಯ. ಕಲಬುರಗಿಯಲ್ಲಿ ಓದುತ್ತಿದ್ದ ನಾವು ರಜೆಗೆ ಊರಿಗೆ ಬಂದಾಗ ಈ ಸರ್ ಹೈದರಾಬಾದಿನ ಕಂಪನಿಯೊಂದನ್ನು ಒಪ್ಪಿಸಿದ್ದಾರೆ, ಸಂದರ್ಶನ ಇವರ ಕೇಂದ್ರದಿಂದಲೇ ವಿಡಿಯೋದಲ್ಲಿ ನಡೆಯುತ್ತದೆ ಎಂಬ ಸುದ್ದಿ ಹಬ್ಬಿತು. ಆಯ್ಕೆಯಾಗದವರನ್ನೂ ಸರ್ ಕೈಬಿಡುತ್ತಿರಲಿಲ್ಲ. ತಮ್ಮ ಕೇಂದ್ರದಲ್ಲೇ ಕೂರಿಸಿಕೊಂಡು ಇಂಟರ್ನ್‌ಶಿಪ್ ಎಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಹಿಂದಿನ ವರ್ಷ ಹಾಗೆ ಕೂತವರು ಅವರ ನೋಟ್ಸ್ ಟೈಪ್ ಮಾಡಿ, ಅವರ ಪ್ರಿಂಟರಿಗೆ ಕಾಗದ ತುಂಬಿ, ಎಂಜಿನಿಯರುಗಳಾಗಿ ಹೊರಬಿದ್ದಿದ್ದರು. ಒಂದು ಇಡೀ ಸೆಮಿಸ್ಟರ್ ಆ ಮನುಷ್ಯನ ಎದುರು ಕೂರುವುದು ನನ್ನಿಂದಾಗದ ಮಾತು. ಕಂಪನಿ ಸಿಗಲೇಬೇಕು ಎಂದು ಹಟ ಹಿಡಿದದ್ದು ಅದಕ್ಕೇ.

ಇಂಥ ಸಂದರ್ಶನದಲ್ಲಿ ಉತ್ತರ ಹೇಳಿದರೆ ಸಾಲದು. ಡೇಟಾ ಸ್ಟ್ರಕ್ಚರ್ ಮೇಲೆ, ಅಂದರೆ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡುವುದು ಎಂಬುದರ ಮೇಲೆ, ಒಂದು ಲೆಕ್ಕ ಕೊಡುತ್ತಾರೆ. ಬಿಡಿಸುತ್ತ ಬಿಡಿಸುತ್ತ ತಲೆಯಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಯಾವ ದಾರಿ ಹಿಡಿದೆ, ಅದನ್ನು ಏಕೆ ಬಿಟ್ಟೆ, ಎಲ್ಲಿ ಅನುಮಾನ ಬಂತು, ಎಲ್ಲವನ್ನೂ. ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆ ಇದು ದೊಡ್ಡ ಶಿಕ್ಷೆ. ಬೋರ್ಡಿನ ಮುಂದೆ ನಿಂತು ತುಟಿ ಅಲ್ಲಾಡಿಸಿದರೆ ‘ಏನ್ ವಟವಟ ಹಚ್ಚಿ, ಬಂದ್ರ ಬರಿ, ಇಲ್ಲಂದ್ರ ಕೂಡು’ ಎಂದು ಬೆನ್ನಿಗೆ ಬಿಗಿಸಿಕೊಂಡೇ ನಾವು ಗಣಿತ ಕಲಿತದ್ದು. ಖಾತ್ರಿಯಾಗುವ ತನಕ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಬೆಳೆದವರು ಇದ್ದಕ್ಕಿದ್ದಂತೆ ಅನುಮಾನವನ್ನು ಇಂಗ್ಲಿಷಿನಲ್ಲಿ ಹೇಳು ಎಂದರೆ ಏನು ಹೇಳಿಯಾರು?

ಸರ್ ಇದಕ್ಕೆ ಮದ್ದು ಕಂಡುಹಿಡಿದರು. ಇಂಥ ಸಂದರ್ಶನಗಳಲ್ಲಿ ಸದಾ ಬರುವ ಒಂದು ಲೆಕ್ಕ ಹಿಡಿದು, ಅನುಮಾನವನ್ನೇ ಬರೆದುಕೊಟ್ಟರು.

“ಮೊದಲ ‘ಹ್ಮ್’ ಅನ್ರಿ. ಆಮ್ಯಾಲ ಮ್ಯಾಲ ನೋಡ್ರಿ. ಆಮ್ಯಾಲ ಒಂದು ತಪ್ಪು ದಾರಿ ಹೇಳ್ರಿ. ಕೆಮ್ಮರಿ. ಕೆಮ್ಮಿದ ಮ್ಯಾಲ ಸರಿ ದಾರಿ ಹೇಳ್ರಿ. ಎಲ್ಲಾರೂ ಒಮ್ಮೆ ಅನ್ರಿ ನೋಡೋಣ.”

ಎಲ್ಲರೂ ಅನ್ನುತ್ತಿದ್ದರು. ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ, ಹ್ಮ್ ಸಮೇತ. ಸಾಲಾಗಿ ಕೂತವರು ಒಟ್ಟಿಗೆ ಮೇಲೆ ನೋಡಿದಾಗ ಫ್ಯಾನಿಗೆ ಕೈಮುಗಿಯುವುದೊಂದು ಬಾಕಿ ಇತ್ತು. ನಾನೊಮ್ಮೆ ಎದ್ದು ನಿಂತು ಕೇಳಿಯೇಬಿಟ್ಟೆ: “ಸರ್, ಅವ್ರು ಲೆಕ್ಕ ಬದಲಿ ಮಾಡಿದ್ರ?”

“ಯಾಕ ಬದಲಿ ಮಾಡ್ತಾರವಾ? ಕಂಪನಿಯವ್ರಿಗೆ ಬ್ಯಾರೆ ಕೆಲಸ ಇಲ್ಲೇನು?”

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಸುರಪುರದ ಗೆಳತಿ. ಅವಳಪ್ಪ ಟೇಲರ್, ಮನೆಯಲ್ಲಿ ಮಾತು ದಖನಿ ಉರ್ದು, ನನ್ನೊಡನೆ ಕನ್ನಡ. ಲೆಕ್ಕದಲ್ಲಿ ಅವಳ ಮುಂದೆ ನಾವ್ಯಾರೂ ನಿಲ್ಲುತ್ತಿರಲಿಲ್ಲ, ಸರ್ ಅಂತೂ ಇಲ್ಲವೇ ಇಲ್ಲ. ಭಾನುವಾರ ಅವಳ ಮನೆಯ ಮಾಳಿಗೆ ಹತ್ತಿ ಒಬ್ಬರನ್ನೊಬ್ಬರು ಸಂದರ್ಶನ ಮಾಡುತ್ತಿದ್ದೆವು. ಏರಿಕೆಯ ಕ್ರಮದಲ್ಲಿರುವ ಅಂಕಿಗಳಲ್ಲಿ ಯಾವ ಎರಡನ್ನು ಕೂಡಿದರೆ ಹೇಳಿದ ಮೊತ್ತ ಬರುತ್ತದೆ ಎಂದು ನಾನೊಮ್ಮೆ ಕೇಳಿದೆ. ಸರ್ ಅಂಕಿಗಳ ಕ್ರಮವನ್ನು ನೋಡದೆ, ಕಂಡ ಅಂಕಿಗಳನ್ನೆಲ್ಲ ಹ್ಯಾಶ್ ಟೇಬಲ್ ಎಂಬ ಬೇರೊಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡು, ಬೇಕಾದ ಜೊತೆ ಅದರಲ್ಲಿದೆಯೇ ಎಂದು ಹುಡುಕಲು ಕಲಿಸಿದ್ದರು. ಇವಳು ಮಾತಿಲ್ಲದೆ ಪಟ್ಟಿಯ ಎರಡು ತುದಿಗೆ ಎರಡು ಬೆರಳಿಟ್ಟಳು. ಮೊತ್ತ ಹೆಚ್ಚಾದರೆ ಬಲಗಡೆಯದನ್ನು ಒಳಗೆ ಸರಿಸಿದಳು, ಕಡಿಮೆಯಾದರೆ ಎಡಗಡೆಯದನ್ನು. ಬೆರಳುಗಳು ಉತ್ತರದ ಮೇಲೆ ನಿಂತವು. ಹೆಚ್ಚಿನ ಜಾಗವೇ ಬೇಡ, ಟೇಬಲ್ಲೂ ಬೇಡ.

“ಬಾಯಿಲೆ ಹೇಳಲೇ ಹುಚ್ಚಿ!” ಎಂದೆ.

“ಕಾಣ್ತದಲ್ಲ, ಹೇಳೋದೇನದ?”

“ಕಂಪನಿಯವ್ರಿಗೆ ವಿಡಿಯೋದಾಗ ನಿನ್ನ ಬೆರಳು ಕಾಣಂಗಿಲ್ಲ. ಹೇಳಬೇಕು.”

ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಕನ್ನಡದಲ್ಲಿ ಒಂದೆರಡು ವಾಕ್ಯ ಹೊರಡುತ್ತಿದ್ದವು. ಇಂಗ್ಲಿಷಿಗೆ ಬಂದೊಡನೆ ನಿಂತುಬಿಡುತ್ತಿದ್ದಳು. ನಾನು ಅವಳಷ್ಟು ಜಾಣೆಯಲ್ಲ, ಆದರೆ ನನಗೆ ಬಾಯಿ ಇತ್ತು. ತಪ್ಪು ಇಂಗ್ಲಿಷನ್ನು ಜೋರಾಗಿ ಮಾತಾಡುವ ಧೈರ್ಯ ನಮ್ಮವ್ವನ ಕಡೆಯಿಂದ ಬಂದದ್ದು.

ಸಂದರ್ಶನದ ದಿನ ಸರ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು, ಆಯ್ಕೆಯಾಗಬೇಕಾದವರು ತಾವೇ ಎಂಬಂತೆ. ಪ್ಲೈವುಡ್ಡಿನ ಕೋಣೆಯಲ್ಲಿ ಒಂದು ಕಂಪ್ಯೂಟರ್. ಒಬ್ಬೊಬ್ಬರೇ ಒಳಗೆ ಹೋಗಬೇಕು. ಪ್ಲೈವುಡ್ಡಿಗೆ ಮಾತು ತಡೆಯುವ ತಾಕತ್ತಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತ ನಮಗೆ ಎಲ್ಲವೂ ಕೇಳುತ್ತಿತ್ತು. ಆ ಕಡೆ ಇದ್ದವರು ಒಬ್ಬ ಮೇಡಂ. ಒಳಗೆ ನಡೆದ ಇಂಗ್ಲಿಷನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲ ಹುಡುಗನಿಗೆ ಬಂದದ್ದು ಅದೇ ಜೋಡಿ ಅಂಕಿಯ ಲೆಕ್ಕ. ಮೇಡಂ ಒಂದೇ ಒಂದು ಮಾತು ಸೇರಿಸಿದರು: “ಅಂಕಿಗಳು ಏರಿಕೆಯ ಕ್ರಮದಲ್ಲಿವೆ. ಹೆಚ್ಚಿನ ಜಾಗ ಬಳಸಬೇಡಿ.” ಹುಡುಗ ಹ್ಮ್ ಅಂದ. ಪ್ರತಿ ಅಂಕಿಯನ್ನೂ ಉಳಿದೆಲ್ಲದರ ಜೊತೆ ಕೂಡಿ ನೋಡುತ್ತೇನೆ ಅಂದ, ಅದು ನಿಧಾನ ಅಂದ, ಕೆಮ್ಮಿದ, ಹ್ಯಾಶ್ ಟೇಬಲ್ ಬಳಸುತ್ತೇನೆ ಅಂದ. “ಹೆಚ್ಚಿನ ಜಾಗ ಬೇಡ ಎಂದೆನಲ್ಲ?” ಎಂದು ಮೇಡಂ ಕೇಳಿದರು. ಹುಡುಗ ಮತ್ತೆ ಹ್ಮ್‌ನಿಂದ ಶುರುಮಾಡಿದ. ಮಧ್ಯದಿಂದ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಎರಡನೆಯವನೂ ಅದೇ ಜಾಗಕ್ಕೆ ಕೆಮ್ಮಿದ. ಬೆಂಚಿನ ಮೇಲೆ ಸರ್ ತೃಪ್ತಿಯಿಂದ ತಲೆದೂಗುತ್ತಿದ್ದರು.

ಆಮೇಲೆ ನನ್ನ ಗೆಳತಿ. ಅದೇ ಲೆಕ್ಕ. ನನಗೆ ಖುಷಿಯಿಂದ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಸದ್ದಿಲ್ಲ. ಬೆರಳು ಸರಿಯುತ್ತಿವೆ ಎಂದು ನನಗೆ ಗೊತ್ತು, ಉತ್ತರ ಸಿಕ್ಕಿದೆ ಎಂದೂ ಗೊತ್ತು. “ದಯವಿಟ್ಟು ಮಾತಾಡಿ, ನಿಮ್ಮ ಯೋಚನೆ ನನಗೆ ಕೇಳಬೇಕು,” ಎಂದರು ಮೇಡಂ. ಮತ್ತೊಮ್ಮೆ ಕೇಳಿದರು.

ಆಗ ಅವಳು ಹ್ಮ್ ಅಂದಳು.

ಗಾಬರಿಯಲ್ಲಿ ಬಾಯಿಗೆ ಬಂದ ಇಂಗ್ಲಿಷ್ ಅದೊಂದೇ. ತನ್ನ ಉತ್ತರವನ್ನು ಬೆರಳಲ್ಲಿಟ್ಟುಕೊಂಡು ಬಾಯಲ್ಲಿ ಸರ್ ಬರೆದುಕೊಟ್ಟದ್ದನ್ನು ಪೂರ್ತಿ ಒಪ್ಪಿಸಿದಳು. ಕೆಮ್ಮಿದಳು ಕೂಡ. ಮೇಡಂ ಧನ್ಯವಾದ ಹೇಳಿದರು. ಹೊರಗೆ ಬಂದವಳು ನನ್ನ ಮುಖ ನೋಡದೆ ಕಿಟಕಿಯ ಹತ್ತಿರ ಹೋಗಿ ನಿಂತಳು. ಆ ಕೋಟಿನ ಕಾಲರ್ ಹಿಡಿದು ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನನ್ನು ಕರೆದರು.

“ನೀವೂ ಕೆಮ್ಮುತ್ತೀರಾ?” ಇದು ಮೇಡಂ ನನ್ನನ್ನು ಕೇಳಿದ ಮೊದಲ ಪ್ರಶ್ನೆ.

“ಇಲ್ಲ ಮೇಡಂ. ನನಗೆ ಬೇರೆ ಲೆಕ್ಕ ಕೊಡಿ. ಇದು ಇಲ್ಲಿ ಎಲ್ಲರಿಗೂ ಬಾಯಿಪಾಠ.”

ಹೊರಗೆ ಬೆಂಚು ಕಿರುಗುಟ್ಟಿತು. ಮೇಡಂ ಎರಡು ಸ್ಟ್ಯಾಕ್ ಮಾತ್ರ ಬಳಸಿ ಒಂದು ಕ್ಯೂ ಕಟ್ಟಲು ಹೇಳಿದರು. ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸುವುದು, ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಕ್ಯೂ ಅಂದರೆ ಸಾಲು, ಮೊದಲು ಬಂದದ್ದು ಮೊದಲು ಹೊರಡಬೇಕು. ಎರಡರ ಸ್ವಭಾವ ಪೂರಾ ಉಲ್ಟಾ.

ಮಾತಾಡುತ್ತ ಹೋದೆ. ಬಂದದ್ದನ್ನೆಲ್ಲ ಮೊದಲ ಸ್ಟ್ಯಾಕಿನಲ್ಲಿ ಪೇರಿಸುತ್ತೇನೆ. ತೆಗೆಯುವಾಗ ಎಲ್ಲವನ್ನೂ ಒಂದೊಂದಾಗಿ ಎರಡನೆಯದಕ್ಕೆ ಸುರಿಯುತ್ತೇನೆ. ಆಗ ತಲೆಕೆಳಗಾಗಿ ಮೊದಲು ಬಂದದ್ದು ಮೇಲೆ ಬರುತ್ತದೆ, ಅದನ್ನು ತೆಗೆಯುತ್ತೇನೆ. ಪ್ರತಿ ಸಲ ತೆಗೆಯುವ ಮುನ್ನ ಹೀಗೇ ಸುರಿಯುತ್ತೇನೆ. ಸರಿ, ನೋಡೋಣ. ಒಂದು, ಎರಡು, ಮೂರು ಹಾಕಿದೆ. ಸುರಿದೆ. ಒಂದು ಹೊರಗೆ ಬಂತು. ಈಗ ನಾಲ್ಕು ಹಾಕಿದೆ. ಮತ್ತೆ ಸುರಿದರೆ... ಅಯ್ಯೋ, ನಾಲ್ಕು ಹೋಗಿ ಎರಡರ ಮೇಲೆ ಕೂತಿತು. ಎರಡಕ್ಕಿಂತ ಮೊದಲು ನಾಲ್ಕು ಹೊರಗೆ ಬರುತ್ತದೆ. ಕೆಟ್ಟಿತು.

“ಚೆನ್ನಾಗಿದೆ,” ಎಂದರು ಮೇಡಂ, ಒಣಗಿದ ದನಿಯಲ್ಲಿ. “ಈ ತಪ್ಪನ್ನೂ ಕಲಿಸಿದ್ದಾರಾ?”

ನೆತ್ತಿಗೆ ಬೆಂಕಿ ಹತ್ತಿತು. ಹಗಲೆಲ್ಲ ಸುಳ್ಳು ತಪ್ಪುಗಳನ್ನು ಕೇಳಿದವರಿಗೆ ನನ್ನ ನಿಜವಾದ ತಪ್ಪೂ ನಾಟಕವಾಗಿ ಕಂಡಿತ್ತು.

“ಮೇಡಂ, ಈ ತಪ್ಪು ನನ್ನ ಸ್ವಂತದ್ದು!” ಎಂದು ಕೂಗಿದೆ. “ಇಷ್ಟು ದಡ್ಡ ತಪ್ಪು ಕಲಿಸಲು ಇಲ್ಲಿ ಯಾರಿಗೂ ಬರುವುದಿಲ್ಲ. ಸರಿಪಡಿಸುವ ತನಕ ನಾನು ಏಳುವುದಿಲ್ಲ.”

ಸಿಟ್ಟಿನಲ್ಲೇ ಮುಂದುವರಿಸಿದೆ. ಎರಡನೆಯದು ಖಾಲಿಯಾಗುವ ತನಕ ಸುರಿಯಬಾರದು. ಅದರಲ್ಲಿ ಇದ್ದರೆ ಅದರಿಂದಲೇ ತೆಗೆಯಬೇಕು, ಖಾಲಿಯಾದಾಗ ಮಾತ್ರ ಮೊದಲನೆಯದನ್ನು ಪೂರ್ತಿ ಸುರಿದುಕೊಳ್ಳಬೇಕು. ನಾಲ್ಕು ಆ ಕಡೆ ಕಾಯುತ್ತದೆ. ಎರಡು ಹೊರಗೆ, ಮೂರು ಹೊರಗೆ, ಆಮೇಲೆ ನಾಲ್ಕು. “ಸುರಿಯುವ ಖರ್ಚು?” ಎಂದರು ಮೇಡಂ. ಯಾವುದೋ ಒಂದು ಸಲ ಹೆಚ್ಚು ಕೆಲಸ ಬೀಳುತ್ತದೆ, ಆದರೆ ಒಂದು ಅಂಕಿಯನ್ನು ಸುರಿಯುವುದು ಒಂದೇ ಸಲ, ಸರಾಸರಿ ನೋಡಿದರೆ ಖರ್ಚು ಸಾಲಿನ ಉದ್ದದೊಂದಿಗೆ ಬೆಳೆಯುವುದಿಲ್ಲ ಎಂದೆ. ಅವರು ಆಗ ನಕ್ಕರು.

ನನಗೆ ಸಿಕ್ಕಿತು. ನನ್ನೊಬ್ಬಳಿಗೇ. ಗೆಳತಿಯ ಬೆರಳುಗಳ ವಿಷಯವನ್ನು ಮೇಡಂಗೆ ಇಮೇಲಿನಲ್ಲಿ ಬರೆದೆ. ಮತ್ತೊಮ್ಮೆ ಸಂದರ್ಶನ ಮಾಡುವ ಪದ್ಧತಿ ಇಲ್ಲ ಎಂದು ವಿನಯವಾದ ಉತ್ತರ ಬಂತು. ಜಾಣರನ್ನು ಹುಡುಕುತ್ತೇವೆ ಎನ್ನುವವರಿಗೆ ಜಾಣೆಯೊಬ್ಬಳು ಎದುರಿಗೇ ಕೂತರೂ ಕೇಳಿಸಲಿಲ್ಲ. ಹಂಗಾದರೆ ಅವರದೂ ಒಂದು ಬಾಯಿಪಾಠವೇ, ನಮ್ಮ ಸರ್ ಅವರದಕ್ಕಿಂತ ಇಂಗ್ಲಿಷ್ ಸ್ವಲ್ಪ ಮೇಲು, ಅಷ್ಟೆ.

ಸರ್‌ಗೆ ನಾಚಿಕೆಯಾಗಿರಬಹುದು ಎಂದುಕೊಂಡಿದ್ದೆ. ನನ್ನದೂ ಒಂದು ಬುದ್ಧಿ! ಫಲಿತಾಂಶ ಬಂದ ದಿನ ಪೇಡೆ ತಿನ್ನಿಸಿ, “ಆ ತಪ್ಪು ಭಾಳ ಛಲೋ ಇತ್ತವಾ,” ಎಂದರು.

ಗೆಳತಿ ಕೇಂದ್ರದಲ್ಲೇ ಉಳಿದಳು. ನನ್ನ ಇಂಟರ್ನ್‌ಶಿಪ್ ಶುರುವಾದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಹಿಂದೆ ಪ್ರಿಂಟರ್ ಓಡುವ ಸದ್ದು ಕೇಳುತ್ತಿತ್ತು.

“ನಿಂದು ಟೈಪ್ ಮಾಡಾಕತ್ತೀನಿ,” ಎಂದಳು. “ಮುಂದಿನ ಬ್ಯಾಚಿಗೆ. ಒಂದು, ಎರಡು, ಮೂರು, ಆಮ್ಯಾಲ ನಾಕು, ಅಯ್ಯೋ ಅನ್ನೋದು, ‘ಈ ತಪ್ಪು ನನ್ನ ಸ್ವಂತದ್ದು’ ಅನ್ನೋದು, ಎಲ್ಲಾ ಬರದೀನಿ. ಪ್ಲೈವುಡ್ ಹಿಂದ ಕುಂತು ಸರ್ ಎಲ್ಲಾ ಕೇಳ್ಯಾರ.”

ಅವಳ ದನಿಯಲ್ಲಿ ನಗುವಿರಲಿಲ್ಲ, ದೂರೂ ಇರಲಿಲ್ಲ. ಕೊಟ್ಟ ಕೆಲಸವನ್ನು ಸರಿಯಾಗಿ ಮಾಡಬೇಕೆಂಬ ಕಾಳಜಿ ಮಾತ್ರ ಇತ್ತು.

“ಒಂದು ಕೇಳೋದಿತ್ತು,” ಎಂದಳು. “ಅಲ್ಲಿ ನಿನಗ ಸಿಟ್ಟು ಬಂತಲ್ಲ, ಅದು ಒದರೋಕಿಂತ ಮೊದಲ ಬರಬೇಕೋ, ಒದರಿದ ಮ್ಯಾಲ ಬರಬೇಕೋ? ಸರ್ ಕೇಳಾಕತ್ಯಾರ.”