ಫೈಲಮ್ಮ ಕೇಳಿಸಿದ ಒಂದೇ ಪ್ರಶ್ನೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನ ಫೈಲಮ್ಮ ನನ್ನ ಪತ್ರವನ್ನು ವಾಪಸ್ ಕೊಟ್ಟ ಮಂಗಳವಾರ ಅದು ನೆತ್ತಿಗೇರಿತ್ತು.

ಫೈಲಮ್ಮ ಡಾಕ್ಟರಲ್ಲ, ನರ್ಸೂ ಅಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕಬ್ಬಿಣದ ರ‍್ಯಾಕುಗಳ ನಡುವೆ ಇಪ್ಪತ್ತಾರು ವರ್ಷ ಕಳೆದವರು. ದಾರ ಕಟ್ಟಿದ ಕನ್ನಡಕ, ಕಾಗದ ಹಾರದಂತೆ ಮೇಲಿಟ್ಟ ತಣ್ಣಗಾದ ಚಹಾದ ಲೋಟ, ಮೇಜಿನ ತುಂಬ ರಬ್ಬರ್ ಬ್ಯಾಂಡು. ಬೇರೆ ಆಸ್ಪತ್ರೆಯ ತಜ್ಞರಿಗೆ ಎರಡನೇ ಅಭಿಪ್ರಾಯ ಕೇಳುವ ಪತ್ರ ಯಾರೇ ಬರೆಯಲಿ, ಅದರ ಲಕೋಟೆ ಅಂಟುವುದು ಅವರ ಕೈಯಲ್ಲೇ.

ನನ್ನ ಪತ್ರ ನಾಲ್ಕು ಪುಟವಿತ್ತು. ಅವರು ಕೊನೆಯ ಸಾಲಿನವರೆಗೂ ಓದಿ, ಮಡಚಿ ನನ್ನ ಕಡೆ ತಳ್ಳಿದರು.

"ಡಾಕ್ಟರಮ್ಮ, ಇದರಲ್ಲಿ ಪ್ರಶ್ನೆ ಎಲ್ಲಿದೆ?"

"ಕೊನೇಲಿ ಇದೆಯಲ್ಲ. ದಯವಿಟ್ಟು ನೋಡಿ ಅಭಿಪ್ರಾಯ ತಿಳಿಸಿ, ಅಂತ."

"ಅದು ಪ್ರಶ್ನೆ ಅಲ್ಲಮ್ಮ, ನಮಸ್ಕಾರ. ಹೋಟ್ಲಿಗೆ ಹೋಗಿ ‘ಏನಾದ್ರೂ ಕೊಡಿ’ ಅಂದ್ರೆ ಅವನಾದ್ರೂ ಏನು ಕೊಟ್ಟಾನು?"

ಗುಮಾಸ್ತೆಯೊಬ್ಬಳು ನನಗೆ ಪಾಠ ಹೇಳುವುದೇ! ಮೈಯೆಲ್ಲ ಉರಿದುಹೋಯಿತು. ಆದರೆ ಜಗಳಕ್ಕೆ ಪುರಸೊತ್ತಿರಲಿಲ್ಲ. ವಾರ್ಡಿನಲ್ಲಿ ಟೈಲರ್ ಅಕ್ಕ ಕಾಯುತ್ತಿದ್ದಳು.

ಟೈಲರ್ ಅಕ್ಕನಿಗೆ ಮೂವತ್ತೆಂಟು ವರ್ಷ. ಬಲಗೈ ಮಣಿಕಟ್ಟಿನ ಮೂಳೆಯೊಳಗೆ ಗಡ್ಡೆ. ಬಯಾಪ್ಸಿ ವರದಿಯಲ್ಲಿ ‘ಜೈಂಟ್ ಸೆಲ್ ಗಡ್ಡೆ’, ಅಂದರೆ ದೈತ್ಯ ಕೋಶಗಳ ಗಡ್ಡೆ, ಎಂದು ಬಂದಿತ್ತು. ಮೂಳೆಯ ಆ ತುದಿಯನ್ನೇ ತೆಗೆದು, ಮಣಿಕಟ್ಟನ್ನು ಮಡಚಲಾಗದಂತೆ ಜೋಡಿಸಿಬಿಡುವುದೆಂದು ನಮ್ಮ ದೊಡ್ಡ ಡಾಕ್ಟರು, ಅಂದರೆ ಮೂಳೆ ವಿಭಾಗದ ಸರ್ಜನ್, ತೀರ್ಮಾನಿಸಿದ್ದರು. ಮುಂದಿನ ಸೋಮವಾರ ಆಪರೇಷನ್. ಅವಳು ಒಂದೇ ಹಟ ಹಿಡಿದಿದ್ದಳು: "ಕತ್ತರಿ ಹಿಡಿಯೋ ಕೈ ಅದು. ಇನ್ನೊಬ್ರನ್ನ ಒಂದು ಮಾತು ಕೇಳಿ, ಆಮೇಲೆ ಏನು ಬೇಕಾದ್ರೂ ಮಾಡಿ." ದೊಡ್ಡ ಡಾಕ್ಟರು ನನಗೆ ಹೇಳಿದ್ದರು, "ಕೇಳು. ಆದ್ರೆ ಸೋಮವಾರದೊಳಗೆ ಉತ್ತರ ಬರ್ಲಿಲ್ಲ ಅಂದ್ರೆ ನಾನು ಕಾಯಲ್ಲ."

ಫೈಲಮ್ಮ ಸ್ಟೂಲು ಎಳೆದು ನನ್ನನ್ನು ಕೂರಿಸಿದರು. "ನಮ್ಮಣ್ಣನಿಗೆ ಹಿಂಗೇ ಮಾಡಿದ್ರು," ಎಂದರು. ಅಣ್ಣನ ಎಂಬತ್ತು ಹಾಳೆಯ ಫೈಲು ದೊಡ್ಡ ಆಸ್ಪತ್ರೆಗೆ ಹೋಯಿತಂತೆ. ಮೂರು ವಾರದ ಮೇಲೆ ಬಂದ ಉತ್ತರ, ‘ಯಾವುದರ ಬಗ್ಗೆ ಕೇಳುತ್ತಿದ್ದೀರಿ?’ ಎಂದು. ಅಷ್ಟರಲ್ಲಿ ಕಾಲ ಮಿಂಚಿಹೋಗಿತ್ತು, ಅಣ್ಣ ಉಳಿಯಲಿಲ್ಲ. "ಅವತ್ತಿನಿಂದ ನನ್ನ ಮೇಜಿನ ಮೇಲೆ ಒಂದೇ ಪುಟ, ಒಂದೇ ಪ್ರಶ್ನೆ. ಕಾಗದ ತಾರೀಖಿನ ಪ್ರಕಾರ. ಬೈದ್ರೆ ಬೈಕೊಳ್ಳಿ."

ನನಗೆ ಬೈಯುವ ಮನಸ್ಸು ಅಲ್ಲೇ ಇಳಿಯಿತು.

ಅವರು ಟೈಲರ್ ಅಕ್ಕನ ಕಾಗದಗಳನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಹರಡಿದರು. "ಹಿಂದೆ ಇಲ್ಲಿಗೆ ಬಂದಿದ್ದಾಳಾ?"

"ಇಲ್ಲ ಅಂತ ಬರೆದಿದೆ."

"ಬರೆದವ್ರು ಯಾರು?"

"...ನಾನೇ."

ಫೈಲಮ್ಮ ಕನ್ನಡಕ ಏರಿಸಿಕೊಂಡು ಎದ್ದರು. ನೋವು ತಾಳಲಾರದೆ ತುರ್ತು ವಿಭಾಗಕ್ಕೆ ಬಂದವರಿಗೆ ಅಲ್ಲಿ ಹುಡುಕದೆ ಹೊಸ ನಂಬರು ಕೊಟ್ಟುಬಿಡುತ್ತಾರೆ, ಹಳೆಯ ಫೈಲು ರ‍್ಯಾಕಿನಲ್ಲೇ ಉಳಿಯುತ್ತದೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಸರಿಮಾಡುವುದಿಲ್ಲ. ಫೈಲಮ್ಮ ಟೈಲರ್ ಅಕ್ಕನ ಹುಟ್ಟಿದ ತಾರೀಖು ಹಿಡಿದು ಹಳೆಯ ರಿಜಿಸ್ಟರ್ ತಿರುವಿದರು. ಏಣಿ ಹತ್ತಿದರು. ಇಳಿದಾಗ ಕೈಯಲ್ಲೊಂದು ತೆಳ್ಳನೆ ಫೈಲಿತ್ತು, ತಲೆಯ ಮೇಲೆ ಅರ್ಧ ರ‍್ಯಾಕಿನ ಧೂಳಿತ್ತು.

ಎರಡು ವರ್ಷದ ಹಿಂದೆ ಕಿಡ್ನಿ ಕಲ್ಲು. ರಕ್ತದಲ್ಲಿ ಕ್ಯಾಲ್ಸಿಯಂ ಹನ್ನೊಂದೂ ಮುಕ್ಕಾಲು. ಹತ್ತೂವರೆ ದಾಟಬಾರದು. ಕಲ್ಲು ಬಿದ್ದುಹೋಗಿತ್ತು, ಕ್ಯಾಲ್ಸಿಯಂ ಕಡೆ ಮತ್ತೆ ಯಾರೂ ತಿರುಗಿ ನೋಡಿರಲಿಲ್ಲ.

ನನಗೆ ತಟ್ಟನೆ ಹೊಳೆಯಿತು. ಕತ್ತಿನಲ್ಲಿ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳಿವೆ. ಅವುಗಳಲ್ಲೊಂದು ಕೆಟ್ಟು ಅತಿಯಾಗಿ ಹಾರ್ಮೋನು ಸುರಿಸಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕಿಳಿಯುತ್ತದೆ. ಕಿಡ್ನಿಯಲ್ಲಿ ಕಲ್ಲಾಗುತ್ತದೆ, ಮೂಳೆ ಟೊಳ್ಳಾಗಿ ಗಡ್ಡೆ ಕಟ್ಟುತ್ತದೆ. ಆ ಗಡ್ಡೆಯಲ್ಲೂ ಅಂಥದೇ ದೈತ್ಯ ಕೋಶಗಳು! ಓಡಿಹೋಗಿ ಟೈಲರ್ ಅಕ್ಕನನ್ನು ಕೇಳಿದೆ, ಕಲ್ಲಿನ ವಿಷಯ ಯಾಕೆ ಹೇಳಲಿಲ್ಲವೆಂದು.

"ನೀವು ಕೈಗೆ ಮುಂಚೆ ಏನಾದ್ರೂ ಆಗಿತ್ತಾ ಅಂತ ಕೇಳಿದ್ರಿ. ಕಲ್ಲು ಸೊಂಟದಲ್ಲಿತ್ತಲ್ಲ!"

ತಪ್ಪು ಪೂರ್ತಿ ನನ್ನದೇ. ಅಂದೇ ರಕ್ತ ಕಳಿಸಿದೆ. ಬುಧವಾರ ಬಂದ ಕ್ಯಾಲ್ಸಿಯಂ ಹನ್ನೆರಡು ದಾಟಿತ್ತು. ಪ್ಯಾರಾಥೈರಾಯ್ಡ್ ಹಾರ್ಮೋನು ಇರಬೇಕಾದದ್ದಕ್ಕಿಂತ ಹದಿನೈದು ಪಟ್ಟು.

ದೊಡ್ಡ ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಎರಡೂ ಬೇರೆ ಬೇರೆ ಕಾಯಿಲೆ ಇರಬಹುದಲ್ಲ? ಬಯಾಪ್ಸಿ ಸುಳ್ಳು ಹೇಳುತ್ತಾ?" ಕೇಳಬೇಕಾದ ಪ್ರಶ್ನೆ ಅವರ ಬಾಯಿಂದಲೇ ಬಿದ್ದಿತ್ತು. ಈ ಸಲ ಪತ್ರದ ಮೊದಲ ಸಾಲಿನಲ್ಲೇ ಬರೆದೆ: ‘ಈ ಗಡ್ಡೆ ಪ್ಯಾರಾಥೈರಾಯ್ಡ್‌ನಿಂದ ಆದದ್ದೆಂದು ಹಿಡಿದು, ಮಣಿಕಟ್ಟಿನ ಮೂಳೆ ತೆಗೆಯುವುದನ್ನು ನಿಲ್ಲಿಸಬೇಕೆ? ಆಪರೇಷನ್ ಸೋಮವಾರಕ್ಕಿದೆ.’ ಕೆಳಗೆ ಆರು ಸಾಲಿನ ಇತಿಹಾಸ. ದೊಡ್ಡ ಡಾಕ್ಟರು ಎರಡು ಸಲ ಓದಿ ಸಹಿ ಹಾಕಿದರು. ಟೈಲರ್ ಅಕ್ಕನೂ ಒಪ್ಪಿಗೆ ಪತ್ರಕ್ಕೆ ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದಳು.

ಫೈಲಮ್ಮ ಬರೀ ವರದಿಗಳನ್ನು ಕಳಿಸಲು ಬಿಡಲಿಲ್ಲ. "ಇನ್ನೊಬ್ರು ನೋಡಿ ಬರೆದದ್ದನ್ನ ಅವರು ಓದಿ ಏನು ಮಾಡ್ತಾರೆ? ಅವರೇ ನೋಡ್ಲಿ." ಎಕ್ಸ್‌ರೇ ಮತ್ತು ಎಂಆರ್‌ಐ ಚಿತ್ರಗಳ ಡಿಸ್ಕು, ಲ್ಯಾಬಿನಿಂದ ಬಯಾಪ್ಸಿಯ ಗಾಜಿನ ಸ್ಲೈಡುಗಳು, ಮೇಣದಲ್ಲಿ ಹುದುಗಿಸಿಟ್ಟ ಮೂಲ ತುಣುಕು, ಹಳೆಯ ಮತ್ತು ಹೊಸ ಕ್ಯಾಲ್ಸಿಯಂ ವರದಿ, ಹಾರ್ಮೋನಿನ ವರದಿ. ಉಳಿದ ನಲವತ್ತು ಹಾಳೆ ಅಲ್ಲೇ ಉಳಿದವು. ಸ್ಲೈಡಿಗೆ ಲ್ಯಾಬಿನವನ ಹತ್ತಿರ ಸಹಿ ಹಾಕಿಸಿಕೊಂಡು, ಹತ್ತಿಯಲ್ಲಿ ಸುತ್ತಿ, ನನ್ನ ಫೋನ್ ನಂಬರನ್ನು ಲಕೋಟೆಯ ಮೇಲೂ ಬರೆದು, ತಜ್ಞರ ಆಸ್ಪತ್ರೆಗೆ ಹೋಗುವ ಬುಧವಾರ ಮಧ್ಯಾಹ್ನದ ವ್ಯಾನಿಗೆ ಏರಿಸಿದರು.

ಗುರುವಾರ ಫೋನಿಲ್ಲ. ಶುಕ್ರವಾರ ಬೆಳಗ್ಗೆಯೂ ಇಲ್ಲ. ನಾನು ರೆಕಾರ್ಡ್ ರೂಮಿಗೆ ಐದು ಸಲ ಹೋದೆ. "ಇಲ್ಲೇ ಹಾಸಿಗೆ ಹಾಕ್ಕೊಡ್ಲಾ?" ಎಂದರು ಫೈಲಮ್ಮ. ಅಣಕ ಅವರದು, ಆದರೆ ಅವರ ಲೋಟದಲ್ಲೂ ಚಹಾ ಮುಟ್ಟದೆ ಉಳಿದಿತ್ತು.

ಮಧ್ಯಾಹ್ನ ಮೂರಕ್ಕೆ ತಜ್ಞರೇ ಕರೆ ಮಾಡಿದರು. "ಸೂಕ್ಷ್ಮದರ್ಶಕದಲ್ಲಿ ಮಾತ್ರ ನೋಡಿದ್ರೆ ಎರಡನ್ನೂ ಬೇರೆ ಮಾಡೋದು ಕಷ್ಟ. ಆದ್ರೆ ಈ ರಕ್ತದ ವರದಿ ಜೊತೆ ಅನುಮಾನವೇ ಬೇಡ, ಇದು ಪ್ಯಾರಾಥೈರಾಯ್ಡ್‌ದೇ. ಮೂಳೆ ಮುಟ್ಟಬೇಡಿ. ಕೈಗೆ ಪಟ್ಟಿ ಕಟ್ಟಿ, ಕತ್ತಿನ ಗ್ರಂಥಿ ಹುಡುಕಿ ತೆಗೀರಿ, ಮೂರು ತಿಂಗಳಿಗೆ ಮತ್ತೆ ಚಿತ್ರ ತೆಗೀರಿ." ಆಮೇಲೆ ಕೇಳಿದರು, "ಆ ಹಳೇ ಕ್ಯಾಲ್ಸಿಯಂ ಹುಡುಕಿದವರು ಯಾರು?"

ನಾನು ಹೇಳಿದೆ, "ನಮ್ಮ ಫೈಲಮ್ಮ." ಪಕ್ಕದಲ್ಲಿ ನಿಂತಿದ್ದ ಅವರು ಸೆರಗಿನಲ್ಲಿ ಕನ್ನಡಕ ಒರೆಸತೊಡಗಿದರು. ಎಷ್ಟು ಒರೆಸಿದರೂ ಮುಗಿಯಲಿಲ್ಲ. ದೊಡ್ಡ ಡಾಕ್ಟರು ಸೋಮವಾರದ ಪಟ್ಟಿಯಲ್ಲಿ ತಾವೇ ಗೆರೆ ಎಳೆದರು.

ಕತ್ತಿನಿಂದ ತೆಗೆದ ಗ್ರಂಥಿ ಕಡಲೇಬೀಜದಷ್ಟಿತ್ತು. ಆಪರೇಷನ್ ಆದ ಮೇಲೆ ಹಸಿದ ಮೂಳೆ ಕ್ಯಾಲ್ಸಿಯಂ ಎಳೆದುಕೊಂಡು ರಕ್ತದಲ್ಲಿ ಕಡಿಮೆಯಾಗಿ, ಕೆಲವು ದಿನ ಡ್ರಿಪ್ಪು, ಮಾತ್ರೆ ಎಂದು ನಾವು ಹೆಣಗಾಡಿದೆವು. ಮೂರು ತಿಂಗಳ ಎಕ್ಸ್‌ರೇಯಲ್ಲಿ ಟೊಳ್ಳಿನ ಅಂಚಿಗೆ ಹೊಸ ಮೂಳೆಯ ಬಿಳಿ ಕಂಡಿತು. ಒಂದು ವರ್ಷಕ್ಕೆ ಅದು ತುಂಬಿಕೊಂಡಿತ್ತು.

ಅವತ್ತು ಟೈಲರ್ ಅಕ್ಕ ಎಕ್ಸ್‌ರೇ ಹಿಡಿದು ನೇರ ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು. ದೊಡ್ಡ ಡಾಕ್ಟರು ಅಲ್ಲೇ ಇದ್ದರು. ಇನ್ಯಾರದೋ ಪತ್ರವನ್ನು ಫೈಲಮ್ಮನ ಮುಂದಿಟ್ಟು, ಶಾಲೆಯ ಹುಡುಗನ ಹಾಗೆ ನಿಂತಿದ್ದರು. ಒಂದೇ ಪುಟ, ಮೊದಲ ಸಾಲಿನಲ್ಲೇ ಪ್ರಶ್ನೆ.

"ಇದು ಸರಿಯಾಗಿದೆ," ಎಂದು ಫೈಲಮ್ಮ ಲಕೋಟೆ ಎತ್ತಿಕೊಳ್ಳುವಷ್ಟರಲ್ಲಿ ಟೈಲರ್ ಅಕ್ಕ ಅವರ ಕೈ ಹಿಡಿದು ಕುಲುಕತೊಡಗಿದಳು. ಬಲಗೈಯಲ್ಲಿ. ಬಿಡಲೇ ಇಲ್ಲ.

"ಅಯ್ಯೋ, ಸಾಕು ಬಿಡೇ!" ಎಂದು ಫೈಲಮ್ಮ ನಗುತ್ತಾ ಕಿರುಚಿದರು. "ನನ್ನ ಮೂಳೆ ಮುರೀತೀಯಾ!"