ಅರವತ್ತು ಡಿಗ್ರಿ ಅಂದ ಹುಡುಗಿ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೊನ್ನಾಳಿಯ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಕಾಯಂ ಆಗಿರಲಿಲ್ಲ. ಹೆಣ್ಣುಮಗಳು ಫಿಸಿಕ್ಸ್ ತಗೊಂಡು ಏನು ಮಾಡ್ತಾಳೆ ಎಂದು ಪ್ರಿನ್ಸಿಪಾಲರು ಯಾರ ಹತ್ತಿರವೋ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ಅಂದಿನಿಂದ ತರಗತಿಯಲ್ಲಿ ನಾನು ನಕ್ಕಿದ್ದೇ ಕಡಿಮೆ. ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದರೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿ ಮೈ ಉರಿಯುತ್ತಿತ್ತು. ಮೊದಲೇ ಜಗಳೂರಿನ ಬಿಸಿಲಲ್ಲಿ ಬೆಳೆದವಳು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಎರಡನೇ ಪಿಯುಸಿ ಸೈನ್ಸಿಗೆ ಇದ್ದವರು ಹನ್ನೊಂದು ಮಂದಿ. ಅವರಲ್ಲಿ ಒಬ್ಬಳು ನ್ಯಾಮತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪನದು ಸಂತೆ ಸಂತೆಗೆ ಹೋಗುವ ಬಟ್ಟೆ ವ್ಯಾಪಾರ. ಒಂದೇ ಏಟಿಗೆ ಪಾಸಾದರೆ ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಹಾಕಿ ಬಿ.ಎಸ್ಸಿ. ಓದಿಸುವುದು, ಒಂದು ವಿಷಯದಲ್ಲಿ ಹೋದರೂ ಓದು ಅಲ್ಲಿಗೇ ನಿಲ್ಲಿಸುವುದು ಎಂದು ಆತ ಹೇಳಿಬಿಟ್ಟಿದ್ದ. ಇದನ್ನು ಅವಳೇ ನನಗೆ ಹೇಳಿದ್ದಳು. ಗಣಿತದಲ್ಲಿ, ಕೆಮಿಸ್ಟ್ರಿಯಲ್ಲಿ ಅವಳಿಗೆ ಭಯವಿರಲಿಲ್ಲ. ಫಿಸಿಕ್ಸಿನಲ್ಲಿ ಮಾತ್ರ ಟೆಸ್ಟಿನಿಂದ ಟೆಸ್ಟಿಗೆ ಪಾಸು-ಫೇಲಿನ ಗಡಿಯಲ್ಲೇ ತೂಗಾಡುತ್ತಿದ್ದಳು.

ಬೆಳಕಿನ ಪಾಠ ಬಂತು. ದೀಪದಿಂದ ಎರಡರಷ್ಟು ದೂರ ಹೋದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ, ಮೂರರಷ್ಟು ಹೋದರೆ ಒಂಬತ್ತರಲ್ಲೊಂದು ಪಾಲು. ಇದನ್ನು ಚೆನ್ನಾಗಿಯೇ ಹೇಳಿಕೊಟ್ಟೆ. ಆಮೇಲೆ ಓರೆಯಾದ ಹಾಳೆಯ ಲೆಕ್ಕ. ಇನ್ನೂರು ಕ್ಯಾಂಡೆಲಾ ದೀಪ, ಎರಡು ಮೀಟರು ದೂರದಲ್ಲಿ ಒಂದು ಹಾಳೆ, ಹಾಳೆಗೂ ಬೆಳಕಿನ ಕಿರಣಕ್ಕೂ ನಡುವೆ ಮೂವತ್ತು ಡಿಗ್ರಿ ಕೋನ. ಹಾಳೆಯ ಮೇಲೆ ಬೀಳುವ ಬೆಳಕು ಎಷ್ಟು? ದೂರದ ವರ್ಗ ನಾಲ್ಕು, ಇನ್ನೂರನ್ನು ನಾಲ್ಕರಿಂದ ಭಾಗಿಸಿದರೆ ಐವತ್ತು. ಅದನ್ನು ಕೊಟ್ಟ ಕೋನದ ಕೊಸೈನಿನಿಂದ ಗುಣಿಸಿ ಎಂದು ಬೋರ್ಡಿನ ಮೇಲೆ ಬರೆದೆ. ನಲವತ್ತಮೂರು ಪಾಯಿಂಟ್ ಮೂರು ಲಕ್ಸ್ ಬಂತು. ಪುಸ್ತಕದ ಹಿಂದೆ ಇದ್ದ ಉತ್ತರ ಇಪ್ಪತ್ತೈದು.

ನ್ಯಾಮತಿಯ ಹುಡುಗಿ ಎದ್ದು ನಿಂತಳು. ಹಾಳೆಗೆ ಲಂಬವಾಗಿ ಒಂದು ಗೆರೆ ಎಳೆದು ಆ ಗೆರೆಯಿಂದ ಕೋನ ಅಳೀಬೇಕಲ್ವಾ ಮೇಡಂ, ಹಂಗಾದರೆ ಅರವತ್ತು ಡಿಗ್ರಿ ಆಗುತ್ತದೆ, ಅರವತ್ತರ ಕೊಸೈನ್ ಅರ್ಧ, ಉತ್ತರ ಇಪ್ಪತ್ತೈದೇ ಬರುತ್ತದೆ ಎಂದಳು. ಮೆಲ್ಲಗೇ ಅಂದಳು, ಅಧಿಕಪ್ರಸಂಗವೇನೂ ಇರಲಿಲ್ಲ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಗಡಿಯಲ್ಲಿ ತೂಗಾಡುವವಳು ನನಗೆ ಹೇಳಿಕೊಡುತ್ತಾಳಾ? ಉತ್ತರ ನೋಡಿಕೊಂಡು ಹಿಂದಿನಿಂದ ಲೆಕ್ಕ ಹೊಂದಿಸುವ ಚಾಳಿ ಬಿಡು, ಪುಸ್ತಕದಲ್ಲಿ ಪ್ರಿಂಟಿಂಗ್ ಮಿಸ್ಟೇಕ್ ಇದೆ ಎಂದು ರೇಗಿದೆ. ಅಷ್ಟಕ್ಕೇ ಬಿಡದೆ ಹನ್ನೊಂದೂ ಮಂದಿಯ ಪುಸ್ತಕ ತೆಗೆಸಿ, ಇಪ್ಪತ್ತೈದನ್ನು ಹೊಡೆದು ಹಾಕಿಸಿ, ಪಕ್ಕದಲ್ಲಿ ನಲವತ್ತಮೂರು ಪಾಯಿಂಟ್ ಮೂರು ಎಂದು ಕೆಂಪು ಇಂಕಿನಲ್ಲಿ ಬರೆಸಿದೆ. ಅವಳೂ ತಲೆ ತಗ್ಗಿಸಿ ಬರೆದಳು. ಪುಸ್ತಕದ ಉತ್ತರ ತಾಳೆಯಾಗದಿದ್ದರೆ ಪ್ರಿಂಟಿಂಗ್ ಮಿಸ್ಟೇಕ್ ಅನ್ನುವುದು ಆಗಿನ ಮೇಷ್ಟರುಗಳಿಗೆಲ್ಲ ಇದ್ದ ರೂಢಿ. ನಾನೂ ಹಾಗೇ ಕಲಿತು ಬಂದವಳು.

ಥಿಯರಿ ಪರೀಕ್ಷೆಗೆ ವಾರವಿದ್ದಾಗ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕಳಾಗಿ ಚನ್ನಗಿರಿಗೆ ಹೋದೆ. ಅಲ್ಲಿಯ ಲೆಕ್ಚರರು ವಯಸ್ಸಾದವರು, ಶಾಂತ ಮನುಷ್ಯ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕತ್ತಲೆ ಕೋಣೆ, ಉದ್ದನೆ ಬೆಂಚಿನ ಎರಡು ತುದಿಗೆ ಎರಡು ದೀಪ, ನಡುವೆ ಎಣ್ಣೆಯ ಚುಕ್ಕೆಯಿದ್ದ ಕಾಗದ. ಕಾಗದವನ್ನು ಆಚೀಚೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ಚುಕ್ಕೆ ಕಣ್ಣಿಗೆ ಕಾಣದಂತಾಗುತ್ತದೆ. ಅಂದರೆ ಎರಡೂ ಕಡೆಯಿಂದ ಸಮ ಬೆಳಕು. ಆಗ ಕಾಗದದಿಂದ ಒಂದು ದೀಪ ನಲವತ್ತು ಸೆಂಟಿಮೀಟರು ದೂರ, ಇನ್ನೊಂದು ಅರವತ್ತು ಇದ್ದರೆ ಅವುಗಳ ಶಕ್ತಿ ನಾಲ್ಕಕ್ಕೆ ಒಂಬತ್ತು. ಅದನ್ನು ಒಬ್ಬ ಹುಡುಗ ಸರಿಯಾಗಿಯೇ ಮಾಡಿ ತೋರಿಸಿದ. ಬಾಯಿ ಪರೀಕ್ಷೆಯಲ್ಲಿ ಅವನಿಗೆ ಓರೆ ಹಾಳೆಯ ಪ್ರಶ್ನೆ ಕೇಳಿದೆ. ಕಿರಣಕ್ಕೂ ಹಾಳೆಗೂ ಮೂವತ್ತು ಇದ್ದರೆ ಅರವತ್ತರ ಕೊಸೈನ್ ತಗೋಬೇಕು ಅಂದ. ನಾನು ತಪ್ಪು ಎಂದು ಸೊನ್ನೆ ಹಾಕಿದೆ.

ಹುಡುಗ ಹೊರಗೆ ಹೋದ ಮೇಲೆ ಲೆಕ್ಚರರು ಒಂದು ಬಿಳಿ ಹಾಳೆ ತಂದು ನನ್ನ ಕೈಗೆ ಕೊಟ್ಟರು. ದೀಪಕ್ಕೆ ಎದುರಾಗಿ ಹಿಡಿಯಿರಿ ಅಂದರು. ಹಾಳೆ ಬೆಳ್ಳಗೆ ಬೆಳಗಿತು. ನಿಧಾನವಾಗಿ ತಿರುಗಿಸಿ, ಅಂಚು ದೀಪದ ಕಡೆಗೆ ಬರಲಿ ಅಂದರು. ತಿರುಗಿಸುತ್ತಾ ಹೋದಂತೆ ಹಾಳೆ ಮಂಕಾಯಿತು, ಅಂಚು ಪೂರ್ತಿ ದೀಪದ ಕಡೆಗಾದಾಗ ಕಪ್ಪಾಯಿತು.

“ಈಗ ಹಾಳೆಗೂ ಕಿರಣಕ್ಕೂ ಕೋನ ಸೊನ್ನೆ ಐತೆ. ಸೊನ್ನೆ ಡಿಗ್ರೀದು ಕೊಸೈನ್ ಒಂದು. ನಿಮ್ಮ ಲೆಕ್ಕದಾಗೆ ಪೂರ್ತಿ ಬೆಳಕು ಬೀಳಬೇಕಿತ್ತು ನೋಡ್ರಿ ಮೇಡಂ,” ಅಂದರು.

ಕೋನವನ್ನು ಹಾಳೆಯಿಂದಲ್ಲ, ಹಾಳೆಗೆ ನೆಟ್ಟಗೆ ನಿಂತ ಲಂಬದಿಂದ ಅಳೆಯಬೇಕು ಎನ್ನುವುದು ಡಿಗ್ರಿ ಓದುವಾಗ ನನಗೂ ಗೊತ್ತಿದ್ದದ್ದೇ. ಸೂತ್ರವನ್ನು ಬಾಯಿಪಾಠ ಮಾಡಿ ಮಾಡಿ ಅದರೊಳಗಿನ ಕೋನ ಯಾವುದೆಂದೇ ಮರೆತಿದ್ದೆ. ಹುಡುಗನ ಸೊನ್ನೆ ತಿದ್ದಿ ಪೂರ್ತಿ ಮಾರ್ಕು ಕೊಟ್ಟೆ. ನಿಮ್ಮ ಹುಡುಗರಿಗೂ ಹಿಂಗೇ ಹೇಳಿಕೊಟ್ಟೀರೇನು ಎಂದು ಅವರು ಕೇಳಿದರು. ಇಲ್ಲ ಸಾರ್, ಇಲ್ಲಿ ಏನೋ ಗಡಿಬಿಡಿಯಾಯಿತು ಅಂದುಬಿಟ್ಟೆ. ಹಸೀ ಸುಳ್ಳು.

ಹೊನ್ನಾಳಿಯ ಬಸ್ಸಿನಲ್ಲಿ ಕೂತವಳಿಗೆ ಹನ್ನೊಂದು ಕೆಂಪು ಗೀಟುಗಳೇ ಕಣ್ಣ ಮುಂದೆ. ಒಂದಲ್ಲ, ಎರಡಲ್ಲ, ನನ್ನ ತಪ್ಪಿಗೆ ಹನ್ನೊಂದು ಸಾಕ್ಷಿ ಬರೆಸಿಟ್ಟಿದ್ದೆ. ಆ ಲೆಕ್ಕ ಪರೀಕ್ಷೆಗೆ ಬಂದು ಹನ್ನೊಂದು ಮಂದಿಯೂ ಒಂದೇ ತಪ್ಪು ಬರೆದರೆ ಯಾರ ಪಾಠ ಎಂದು ಕೇಳದೆ ಬಿಡುತ್ತಾರಾ? ಪ್ರಿನ್ಸಿಪಾಲರು ಮೇಜಿನ ಮೇಲೆ ಆ ಪುಸ್ತಕ ಇಟ್ಟು ನನ್ನನ್ನು ಕರೆಸಿದ ಹಾಗೆ, ಟ್ರಂಕು ಹೊತ್ತುಕೊಂಡು ನಾನು ಜಗಳೂರಿಗೆ ವಾಪಸಾದ ಹಾಗೆ ಕಾಣುತ್ತಿತ್ತು. ಮುಂದಿನ ಸೀಟಿಗೆ ಹಣೆ ಆನಿಸಿ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಬಸ್ಸು ಆಗಿಬರಲ್ಲೇನ್ರಿ ಎಂದು ನಿಂಬೆಹಣ್ಣು ಕೊಟ್ಟಳು.

ಓದಿಕೊಳ್ಳಲೆಂದು ಹುಡುಗರಿಗೆ ರಜೆ ಕೊಟ್ಟಿತ್ತು; ಮಾರನೆಯ ದಿನ ಊರಲ್ಲೇ ಇದ್ದ ಎಂಟು ಮಂದಿಯನ್ನು ಕಾಲೇಜಿನ ಜಗುಲಿಗೆ ಕರೆಸಿದೆ. ತಪ್ಪು ನನ್ನದು ಎನ್ನಲು ಬಾಯಿ ಬರಲಿಲ್ಲ. ಪೇಪರು ತಿದ್ದುವವರು ಪುಸ್ತಕ ನೋಡಿಕೊಂಡೇ ತಿದ್ದುತ್ತಾರೆ, ನಮಗ್ಯಾಕೆ ಉಸಾಬರಿ, ಇಂಥ ಲೆಕ್ಕ ಬಂದರೆ ತೊಂಬತ್ತರಿಂದ ಕೋನ ಕಳೆದು ಬರೆಯಿರಿ ಅಂದೆ. ಹುಡುಗರು ಪಾಪ, ತಲೆಯಾಡಿಸಿದರು. ಸವಳಂಗದ ಕಡೆಯ ಇಬ್ಬರು ಉಳಿದಿದ್ದರು. ಅದರ ಮರುದಿನ ಬಸ್ಸು ಹತ್ತಿ ಅಲ್ಲಿಗೇ ಹೋಗಿ, ಒಬ್ಬನ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಅದೇ ಮಾತು ಹೇಳಿದೆ. ಅವನ ತಾಯಿ ಇಷ್ಟು ದೂರ ಬಂದಿರಲ್ಲ ಎಂದು ಮಂಡಕ್ಕಿ ಕಲಸಿ ಕೊಟ್ಟಳು. ಅರ್ಧ ತಿಂದು ತಟ್ಟೆ ಸರಿಸಿ ಎದ್ದೆ.

ಸವಳಂಗಕ್ಕೆ ಹೋಗುವಾಗಲೂ ಬರುವಾಗಲೂ ಬಸ್ಸು ನ್ಯಾಮತಿಯಲ್ಲಿ ನಿಂತಿತು. ಬರುವಾಗ ಕಂಡಕ್ಟರ್ ಟೀ ಕುಡಿಯಲು ಇಳಿದು ಹೋಗಿ ಹತ್ತು ಹದಿನೈದು ನಿಮಿಷ ಸಮಯವಿತ್ತು. ಅವಳ ಮನೆಯ ಓಣಿ ಕಿಟಕಿಯಿಂದಲೇ ಕಾಣುತ್ತಿತ್ತು. ಉಳಿದವರಿಗೆ ಹೇಳಿದ ಕಥೆಯನ್ನು ಅವಳಿಗೆ ಹೇಳುವಂತಿರಲಿಲ್ಲ. ಲಂಬದಿಂದ ಅಳೆಯಬೇಕು ಎಂದವಳೇ ಅವಳು. ಅವಳ ಮುಂದೆ ನಿಂತರೆ ನೀನು ಸರಿ, ನಾನು ತಪ್ಪು ಅನ್ನದೆ ಬೇರೆ ದಾರಿಯಿರಲಿಲ್ಲ. ಅವಳು ಅಪ್ಪನಿಗೆ ಹೇಳಿದರೆ? ಸಂತೆ ತಿರುಗುವ ಅಪ್ಪ ಊರೂರಿಗೆ ಹೇಳಿದರೆ? ಮಾತು ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ? ಅವಳಿಗೆ ಸರಿಯಾದದ್ದು ಗೊತ್ತೇ ಇದೆ, ಹೇಳುವ ಅಗತ್ಯ ಇಲ್ಲದವಳು ಅವಳೊಬ್ಬಳೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಸ್ಸು ಹೊರಟಿತು, ನಾನು ಇಳಿಯಲಿಲ್ಲ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ನನ್ನ ಕೈಗೆ ಬಂದಾಗ ಮೊದಲು ಬೆಳಕಿನ ಲೆಕ್ಕವನ್ನೇ ಹುಡುಕಿದೆ. ಆ ಲೆಕ್ಕ ಬಂದೇ ಬಿಟ್ಟಿತ್ತು, ದೀಪ ಮತ್ತು ದೂರ ಮಾತ್ರ ಬೇರೆ. ಐದು ಮಾರ್ಕು. ಹತ್ತು ಮಂದಿಗೆ ಹೇಳಿದ್ದೇನೆ, ಒಬ್ಬಳಿಗೆ ಗೊತ್ತಿದೆ, ಗಂಡಾಂತರ ತಪ್ಪಿತು ಎಂದು ಉಸಿರು ಬಿಟ್ಟೆ. ಪರೀಕ್ಷೆ ಮುಗಿದು ಅವಳು ಹೊರಗೆ ಬಂದಳು. ನನ್ನನ್ನು ಕಂಡು ಓಡಿಬಂದಳು, ಮುಖ ಅರಳಿತ್ತು.

“ಮೇಡಂ, ಓರೆ ಹಾಳೇದು ಲೆಕ್ಕ ಬಂದಿತ್ರಿ. ನೀವು ಹೇಳಿದಂಗೇ ಮಾಡೀನಿ, ಕೊಟ್ಟ ಕೋನಾನೇ ಹಾಕೀನಿ,” ಅಂದಳು.

ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದಳು. ನಾನು ಕಂಬ ಹಿಡಿದುಕೊಂಡು ನಿಂತೆ.

ಫಲಿತಾಂಶ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಜವಾನ ಬಾಗಿಲಿಗೆ ಬಂದು ಕೆಮ್ಮಿದರೂ ಪ್ರಿನ್ಸಿಪಾಲರ ಕರೆ ಎಂದೇ ಬೆಚ್ಚುತ್ತಿದ್ದೆ. ಅವಳು ಪಾಸಾಗಲಿ ಎಂದು ಹರಕೆ ಹೊತ್ತೆ. ಅವಳಿಗಾಗಿ ಎಷ್ಟು ಹೊತ್ತೆ, ನನಗಾಗಿ ಎಷ್ಟು ಹೊತ್ತೆ, ಈಗಲೂ ಬಿಡಿಸಿ ಹೇಳಲಾರೆ. ಹತ್ತು ಮಂದಿ ಫಿಸಿಕ್ಸಿನಲ್ಲಿ ಪಾಸಾದರು. ಅವಳು ನಾಲ್ಕು ಮಾರ್ಕಿಗೆ ಫೇಲಾದಳು.

ಅವಳು ಮಾರ್ಕ್ಸ್ ಕಾರ್ಡು ತೆಗೆದುಕೊಳ್ಳಲು ಬಂದಾಗ ಪ್ರಿನ್ಸಿಪಾಲರ ಕೋಣೆಯಲ್ಲಿ ನಾನೂ ಇದ್ದೆ. ಅವಳ ಕಣ್ಣು ಊದಿಕೊಂಡಿದ್ದವು. ಅಕ್ಟೋಬರ್ ಪರೀಕ್ಷೆಗೆ ಕಟ್ಟಮ್ಮ ಎಂದು ಪ್ರಿನ್ಸಿಪಾಲರು ಹೇಳಿದರು. ಮನೆಯಲ್ಲಿ ಆಗಲ್ಲ ಅಂದರು ಸಾರ್ ಎಂದು ಕಾರ್ಡು ಮಡಚತೊಡಗಿದಳು. ಇನ್ನು ತಡೆಯಲಾಗಲಿಲ್ಲ. ಅವತ್ತು ನೀನು ಹೇಳಿದ ಅರವತ್ತೇ ಸರಿ, ಪುಸ್ತಕದಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು ಎಂದು ಪ್ರಿನ್ಸಿಪಾಲರ ಎದುರಿಗೇ ಹೇಳಿದೆ.

ಅವಳು ಕಾರ್ಡು ಮಡಚುವುದನ್ನು ನಿಲ್ಲಿಸಿದಳು.

“ಉಳಿದೋರಿಗೆಲ್ಲ ಹೇಳಿದ್ರಂತೆ, ಸವಳಂಗದೋರಿಗೆ ಮನೀಗೇ ಹೋಗಿ ಹೇಳಿ ಬಂದ್ರಂತೆ. ನಮ್ಮೂರು ದಾಟೇ ಹೋಗಿದ್ರಲ್ರಿ ಮೇಡಂ.”

“ನಿನಗೆ ಗೊತ್ತೇ ಇತ್ತಲ್ಲ ಅಂದ್ಕೊಂಡೆ.”

“ಗೊತ್ತಿತ್ರಿ,” ಅಂದಳು. “ನೀವು ಅಲ್ಲ ಅಂದ್ರಿ, ಬಿಟ್ಟೆ.”

ಅವಳು ನಮಸ್ಕಾರ ಮಾಡಿ ಹೊರಟಳು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು, ಮುಂದಿನ ವರ್ಷ ಸ್ವಲ್ಪ ನೋಡಿಕೊಂಡು ಪಾಠ ಮಾಡಿ ಅಂದರು. ಅಷ್ಟೇ. ನಾನು ಇಷ್ಟು ದಿನ ಅನ್ನ ನೀರು ಬಿಟ್ಟು ಹೆದರಿದ್ದಕ್ಕೆ ಆದದ್ದು ಆ ಒಂದು ಮಾತು. ಆ ವರ್ಷದ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಅವಳು ಅಕ್ಟೋಬರಿಗೂ ಕಟ್ಟಲಿಲ್ಲ, ಆಮೇಲೂ ಕಟ್ಟಲಿಲ್ಲ.